ಗೊತ್ತಿಲ್ಲದ ಕಂಪ್ಯೂಟರ್ ಲಿಂಕ್ ಆಗಿದ್ದರೆ: ಲಾಗ್‌ಔಟ್ ಏನನ್ನು ನಿಲ್ಲಿಸುತ್ತದೆ, ಏನನ್ನು ಬಿಡುತ್ತದೆ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಎಂಟು ಮಿಷನ್ನಿನ ಜೀನ್ಸ್ ಹೊಲಿಯೋ ಯೂನಿಟ್. ಆರ್ಡರು, ಬಿಲ್ಲು, ಪೇಮೆಂಟು ಎಲ್ಲ ನನ್ನ ವಾಟ್ಸಾಪ್‌ನಲ್ಲೇ. ಇವತ್ತು Linked devices ಒತ್ತಿ ನೋಡಿದರೆ ಮೂರು ಇದಾವೆ. Windows ಅನ್ನೋದು ಯೂನಿಟ್ಟಿನ ಕಂಪ್ಯೂಟರ್. ಉಳಿದೆರಡೂ Google Chrome. ಒಂದರ ಕೆಳಗೆ ಹೋದ ತಿಂಗಳ ತಾರೀಖು, ಇನ್ನೊಂದರ ಕೆಳಗೆ ಇವತ್ತು ಬೆಳಿಗ್ಗೆ 6:40. ಹೋದ ತಿಂಗಳು ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಪ್ರಿಂಟ್ ತೆಗೆಸಿದ್ದೆ. ಲಾಗ್‌ಔಟ್ ಮಾಡಿದರೆ ನನ್ನ ಮೆಸೇಜ್ ಹೋಗಿಬಿಡ್ತಾವಾ? ಅವರ ಹತ್ತಿರ ಇರೋದು ಅಳಿಸುತ್ತಾ?

ಉತ್ತರ: ನಿಮ್ಮ ಫೋನಿನಲ್ಲಿರುವ ಒಂದು ಮೆಸೇಜೂ ಹೋಗುವುದಿಲ್ಲ. Log out ಒತ್ತಿದ ಕ್ಷಣದಿಂದ ಆ ಕಂಪ್ಯೂಟರಿಗೆ ಹೊಸ ಮೆಸೇಜ್ ಹೋಗುವುದು ನಿಲ್ಲುತ್ತದೆ, ಅಲ್ಲಿಂದ ನಿಮ್ಮ ಹೆಸರಿನಲ್ಲಿ ಕಳಿಸುವುದೂ ನಿಲ್ಲುತ್ತದೆ. ಆದರೆ ಈಗಾಗಲೇ ಅಲ್ಲಿ ಓದಿದ್ದು, ಇಳಿಸಿಕೊಂಡದ್ದು, ಫೋಟೊ ಹೊಡೆದುಕೊಂಡದ್ದು ವಾಪಸ್ ಬರುವುದಿಲ್ಲ. ಹಾಗಾಗಿ ಒತ್ತುವ ಮೊದಲು ಎರಡು ನಿಮಿಷದ ಕೆಲಸವಿದೆ: ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಮೂರೂ ಹೆಸರು, ಮೂರರ ಕೆಳಗಿನ ಸಮಯ, ಮೇಲ್ಗಡೆ ಫೋನಿನ ಗಡಿಯಾರ ಎಲ್ಲ ಕಾಣಬೇಕು. ಲಾಗ್‌ಔಟ್ ಆದ ಮೇಲೆ ಆ ಸಾಲು ಪಟ್ಟಿಯಿಂದಲೇ ಮಾಯವಾಗುತ್ತದೆ. ಮುಂದೆ ಠಾಣೆಗೆ ಹೋಗಬೇಕಾಗಿ ಬಂದರೆ ನಿಮ್ಮ ಕೈಯಲ್ಲಿ ಉಳಿಯುವ ಕುರುಹು ಆ ಚಿತ್ರ ಮಾತ್ರ.

ಈಗ ಆ ಮೂರು ಸಾಲುಗಳನ್ನು ಓದುವುದು ಹೇಗೆಂದು ನೋಡೋಣ. ಆಂಡ್ರಾಯ್ಡ್‌ನಲ್ಲಿ ಮೇಲಿನ ಮೂರು ಚುಕ್ಕೆ, ಐಫೋನ್‌ನಲ್ಲಿ ಸೆಟ್ಟಿಂಗ್ಸ್. ಎರಡರಲ್ಲೂ ಒಳಗೆ Linked devices. ಒಂದು ವಾಟ್ಸಾಪ್ ಖಾತೆಗೆ ಫೋನನ್ನು ಬಿಟ್ಟು ನಾಲ್ಕು ಸಾಧನಗಳವರೆಗೆ ಲಿಂಕ್ ಮಾಡಬಹುದು. ಪ್ರತಿ ಸಾಲಿನಲ್ಲಿ ಒಂದು ಹೆಸರು, ಅದರ ಕೆಳಗೆ Last active ಎಂದು ಒಂದು ಸಮಯ ಇರುತ್ತದೆ. ಯಾವ ಊರು, ಯಾವ ಅಂಗಡಿ ಎಂದು ಅಲ್ಲಿ ಬರುವುದಿಲ್ಲ. Google Chrome ಎಂಬ ಹೆಸರನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಅದು ಲಿಂಕ್ ಆಗುವಾಗ ಎದುರಿನ ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಂಡ ಹೆಸರು. ಬೇರೆ ತಂತ್ರಾಂಶ ಬಳಸುವವರು ಅಲ್ಲಿ ಏನು ಬೇಕಾದರೂ ಬರೆಸಬಹುದು. ಆದ್ದರಿಂದ ಕಣ್ಣಿಡಬೇಕಾದದ್ದು ಹೆಸರಿಗಿಂತ ಹೆಚ್ಚಾಗಿ ಸಮಯದ ಮೇಲೆ.

ಆ ಸಮಯವೂ ಯಾರೋ ಕೂತು ನಿಮ್ಮ ಮೆಸೇಜ್ ಓದಿದ ಸಮಯವೆಂದು ತಿಳಿಯಬೇಡಿ. ಆ ಯಂತ್ರ ಕೊನೆಯ ಸಲ ವಾಟ್ಸಾಪ್‌ಗೆ ಸಂಪರ್ಕಕ್ಕೆ ಬಂದದ್ದು ಯಾವಾಗ ಎಂಬುದಷ್ಟೇ ಅದರ ಅರ್ಥ. ಕಂಪ್ಯೂಟರ್ ಆನ್ ಮಾಡಿದಾಗ ಬ್ರೌಸರ್ ಹಳೆಯ ಟ್ಯಾಬ್‌ಗಳನ್ನು ತಾನೇ ತೆರೆದರೂ ಸಮಯ ಬದಲಾಗುತ್ತದೆ.

ಮೊದಲು ನಿಮ್ಮದು ಯಾವುದು ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಯೂನಿಟ್ಟಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದು, ನಿಮ್ಮ ನಂಬರಿಗೇ ಒಂದು ಚುಕ್ಕೆ ಕಳಿಸಿ, ಫೋನಿನಲ್ಲಿ ಪಟ್ಟಿ ಮತ್ತೆ ತೆರೆಯಿರಿ. Windows ಸಾಲಿನ ಸಮಯ ಈಗಿನದಾಗಿದ್ದರೆ ಅದು ನಿಮ್ಮದೇ. ಅದೇ ಕಂಪ್ಯೂಟರಿನ ಕ್ರೋಮ್‌ನಲ್ಲೂ ಒಮ್ಮೆ web.whatsapp.com ತೆರೆದು ನೋಡಿ. ಕ್ಯೂಆರ್ ಬದಲು ನೇರ ನಿಮ್ಮ ಚಾಟ್‌ಗಳು ಬಂದರೆ, ಎರಡು ಕ್ರೋಮ್ ಸಾಲುಗಳಲ್ಲಿ ಒಂದು ನಿಮ್ಮ ಮೇಜಿನ ಮೇಲೇ ಇದೆ ಎಂದಾಯಿತು. ವಾಟ್ಸಾಪ್‌ನ ಪ್ರತ್ಯೇಕ ಆಪ್ ಮತ್ತು ಬ್ರೌಸರ್ ಒಂದೇ ಯಂತ್ರದಲ್ಲಿದ್ದರೂ ಪಟ್ಟಿಯಲ್ಲಿ ಎರಡು ಸಾಲಾಗಿ ಬರುತ್ತವೆ. ತುಂಬ ಜನ ಹೆದರುವುದು ಇಲ್ಲಿಯೇ.

ಅದೂ ಅಲ್ಲವೆಂದಾದರೆ ಎರಡು ಕ್ರೋಮ್‌ಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಹೋದ ತಿಂಗಳ ತಾರೀಖಿನದು ಬಹುಮಟ್ಟಿಗೆ ಝೆರಾಕ್ಸ್ ಅಂಗಡಿಯದು. ಪ್ರಿಂಟ್ ತೆಗೆಸಿದ ದಿನಕ್ಕೂ ಆ ತಾರೀಖಿಗೂ ತಾಳೆ ಆಗುತ್ತದೆಯೇ ನೋಡಿ. ಜನ ಬಂದು ಹೋಗುವ ಅಂಗಡಿಯಲ್ಲಿ ಮುಂದಿನ ಗಿರಾಕಿ ತನ್ನ ವಾಟ್ಸಾಪ್ ತೆರೆಯಬೇಕಾದರೆ ಸಾಮಾನ್ಯವಾಗಿ ಹಿಂದಿನವರದನ್ನು ಲಾಗ್‌ಔಟ್ ಮಾಡಲೇಬೇಕು, ಹಾಗೆ ಮಾಡಿದ್ದರೆ ನಿಮ್ಮ ಪಟ್ಟಿಯಿಂದ ಆ ಸಾಲು ಆವತ್ತೇ ಹೋಗುತ್ತಿತ್ತು. ಸಾಲು ಉಳಿದಿದೆ, ಸಮಯ ಮಾತ್ರ ನಿಂತುಹೋಗಿದೆ ಎಂದರೆ, ಮುಚ್ಚಿದ ಕೂಡಲೇ ಲಾಗಿನ್ ಮರೆತುಬಿಡುವ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ಮುಚ್ಚಿರಬಹುದು, ಇಲ್ಲವೇ ಅಂಗಡಿಯವರು ಬ್ರೌಸರ್ ಡೇಟಾ ಅಳಿಸಿರಬಹುದು. ಆಗ ಆ ಕಂಪ್ಯೂಟರಿನಲ್ಲಿ ಲಾಗಿನ್ ಸತ್ತಿರುತ್ತದೆ, ಆದರೆ ಸುದ್ದಿ ನಿಮ್ಮ ಫೋನಿಗೆ ಬಂದಿರುವುದಿಲ್ಲ. ಹಾಗಿದ್ದರೂ ಅದನ್ನು ತೆಗೆದುಹಾಕಿ, ಉಳಿಸಿಕೊಂಡು ಪ್ರಯೋಜನವಿಲ್ಲ.

ಬೆಳಿಗ್ಗೆ 6:40ರದ್ದು ಬೇರೆ ಮಾತು. ಆ ಹೊತ್ತಿಗೆ ಝೆರಾಕ್ಸ್ ಅಂಗಡಿಯ ಷಟರ್ ತೆಗೆದಿರುವುದು ಕಡಿಮೆ. ಅದು ಮನೆಯ ಕಂಪ್ಯೂಟರಿನ ಹೊತ್ತು, ಇಲ್ಲವೇ ಯಾವಾಗಲೂ ಆನ್ ಇರುವ ಯಂತ್ರದ್ದು. ಲಿಂಕ್ ಜೀವಂತವಾಗಿದೆ, ಇವತ್ತು ಬಂದ ಮೆಸೇಜ್‌ಗಳೂ ಅಲ್ಲಿಗೆ ಹೋಗಿವೆ ಎಂದೇ ಇಟ್ಟುಕೊಳ್ಳಿ. ಯಾರದೆಂದು ಪತ್ತೆ ಹಚ್ಚಲು ನಾಲ್ಕು ದಿನ ಕಾದು ನೋಡೋಣ ಎನ್ನಬೇಡಿ. ಸ್ಕ್ರೀನ್‌ಶಾಟ್ ಆಯಿತಲ್ಲ, ಕತ್ತರಿಸಿಬಿಡಿ.

ಕತ್ತರಿಸುವುದಕ್ಕೂ ಒಂದು ಕ್ರಮವಿದೆ, ಅದು ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ. ಹೊಸ ಕಂಪ್ಯೂಟರ್ ಲಿಂಕ್ ಆಗಬೇಕಾದರೆ ನಿಮ್ಮ ಫೋನಿನ ಕಡೆಯಿಂದ ಒಪ್ಪಿಗೆ ಹೋಗಲೇಬೇಕು. ಯಾರಾದರೂ ಫೋನು ಕೈಗೆ ತೆಗೆದುಕೊಂಡು Link a device ಒತ್ತಿ ಕ್ಯೂಆರ್ ಸ್ಕ್ಯಾನ್ ಮಾಡಿರಬೇಕು. ಫೋನಿಗೆ ಲಾಕ್ ಇದ್ದರೆ ಆಗ ಬೆರಳಚ್ಚನ್ನೋ ಪಿನ್ ಅನ್ನೋ ಕೇಳುತ್ತದೆ. ಅಂದರೆ ನಿಮ್ಮ ಪಿನ್ ಅಥವಾ ಪ್ಯಾಟರ್ನ್ ಗೊತ್ತಿರುವವರಿಗೆ ಅರ್ಧ ನಿಮಿಷ ಸಾಕು. ಬಿಲ್ಲು ಬರೆಯುವ ಹುಡುಗನಿಗೆ, ಕಟಿಂಗ್ ಮಾಸ್ಟರಿಗೆ, ಮನೆಯ ಮಕ್ಕಳಿಗೆ ನೀವೇ ಪಿನ್ ಹೇಳಿರಬಹುದು. ಎಷ್ಟೋ ಸಲ ಅದರಲ್ಲಿ ದುರುದ್ದೇಶವೂ ಇರುವುದಿಲ್ಲ. ಬಿಲ್ ಕಳಿಸಲು ಸುಲಭವಾಗಲಿ ಎಂದು ತನ್ನ ಮನೆಯ ಲ್ಯಾಪ್‌ಟಾಪಿಗೆ ಲಿಂಕ್ ಮಾಡಿಕೊಂಡು ಮರೆತಿರುತ್ತಾರೆ. ಬೈಯುವ ಮೊದಲು ಕೇಳಿ.

ಎರಡನೆಯ ದಾರಿ ಫೋನು ಮುಟ್ಟದೆಯೇ ಆಗುವಂಥದ್ದು. ಕ್ಯೂಆರ್ ಬದಲು ಫೋನ್ ನಂಬರ್ ಹಾಕಿ ಲಿಂಕ್ ಮಾಡುವ ಸೌಲಭ್ಯವಿದೆ. ಕಂಪ್ಯೂಟರಿನಲ್ಲಿ ನಂಬರ್ ಹಾಕಿದರೆ ಅಲ್ಲಿ ಎಂಟು ಅಕ್ಷರ-ಅಂಕಿಗಳ ಒಂದು ಕೋಡ್ ಬರುತ್ತದೆ, ಅದನ್ನು ಫೋನಿನ ವಾಟ್ಸಾಪ್‌ನಲ್ಲಿ ಟೈಪ್ ಮಾಡಬೇಕು. ಇದನ್ನೇ ಮೋಸಕ್ಕೆ ಬಳಸುತ್ತಾರೆ. ಪರಿಚಯದವರ ನಂಬರಿನಿಂದ ‘ನಿಮ್ಮ ಫೋಟೊ ಇಲ್ಲಿದೆ ನೋಡಿ’ ಎಂದು ಲಿಂಕ್ ಬರುತ್ತದೆ, ತೆರೆದರೆ ನಂಬರ್ ಕೇಳುತ್ತದೆ, ಆಮೇಲೆ ಒಂದು ಕೋಡ್ ತೋರಿಸಿ ‘ಪರಿಶೀಲನೆಗಾಗಿ ವಾಟ್ಸಾಪ್‌ನಲ್ಲಿ ಹಾಕಿ’ ಎನ್ನುತ್ತದೆ. ಹಾಕಿದರೆ ಎಲ್ಲೋ ಕೂತವರ ಬ್ರೌಸರ್ ನಿಮ್ಮ ಖಾತೆಗೆ ಸೇರಿಕೊಂಡಿತು. ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2025ರ ಡಿಸೆಂಬರ್‌ನಲ್ಲಿ ಘೋಸ್ಟ್ ಪೇರಿಂಗ್ ಎಂಬ ಹೆಸರಿನಲ್ಲಿ ಎಚ್ಚರಿಸಿದ್ದು ಇದೇ ತಂತ್ರದ ಬಗ್ಗೆ. ಹಿಂದಿನ ಕೆಲವು ವಾರಗಳಲ್ಲಿ ಎಲ್ಲಾದರೂ ಇಂಥ ಕೋಡ್ ಹಾಕಿದ್ದೀರಾ ಎಂದು ನೆನಪು ಮಾಡಿಕೊಳ್ಳಿ.

ಹಾಗಾಗಿ ಮೊದಲು ಫೋನಿನ ಪಿನ್ ಅಥವಾ ಪ್ಯಾಟರ್ನ್ ಬದಲಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬೇರೆಯವರ ಬೆರಳಚ್ಚು ಸೇರಿದ್ದರೆ ಅದನ್ನೂ ತೆಗೆಯಿರಿ. ಆಮೇಲೆ ಮೂರೂ ಸಾಲುಗಳನ್ನು ಒಂದೊಂದಾಗಿ ಒತ್ತಿ Log out ಮಾಡಿ, ನಿಮ್ಮ ಯೂನಿಟ್ಟಿನದನ್ನೂ ಸೇರಿಸಿ. ನಿಮ್ಮದನ್ನು ಯಾಕೆ ಎಂದರೆ, ಪಟ್ಟಿ ಪೂರ್ತಿ ಖಾಲಿಯಾದ ಮೇಲೆ ನೀವೇ ಹೊಸದಾಗಿ ಲಿಂಕ್ ಮಾಡಿದ ಒಂದೇ ಸಾಲು ಇರುತ್ತದೆ, ಮುಂದೆ ಎರಡನೆಯದು ಬಂದ ಕೂಡಲೇ ಎದ್ದು ಕಾಣುತ್ತದೆ. ಪಿನ್ ಬದಲಿಸದೆ ಲಾಗ್‌ಔಟ್ ಮಾಡಿದರೆ, ಫೋನಿಗೆ ಕೈಹಾಕಬಲ್ಲವರು ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಲಿಂಕ್ ಮಾಡಿಕೊಳ್ಳುತ್ತಾರೆ.

ಇನ್ನು ಲಾಗ್‌ಔಟ್ ಒಳಗೆ ಏನು ಮಾಡುತ್ತದೆ ಎಂಬುದು. ಹಿಂದೆ ವಾಟ್ಸಾಪ್ ವೆಬ್ ಎಂದರೆ ಫೋನಿನ ಕನ್ನಡಿ ಇದ್ದಂತೆ, ಫೋನಿನ ಡೇಟಾ ಆಫ್ ಮಾಡಿದರೆ ಅದೂ ನಿಲ್ಲುತ್ತಿತ್ತು. 2021ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಹಾಗಿಲ್ಲ. ಲಿಂಕ್ ಆದ ಪ್ರತಿ ಯಂತ್ರಕ್ಕೂ ತನ್ನದೇ ಬೀಗದ ಕೈ ಇರುತ್ತದೆ. ನಿಮ್ಮ ಪಾರ್ಟಿಯೊಬ್ಬರು ‘ಇನ್ನೂರು ಪೀಸ್ ಬೇಕು’ ಎಂದು ಕಳಿಸಿದರೆ, ಅವರ ಫೋನು ಆ ಮೆಸೇಜನ್ನು ನಿಮ್ಮ ಫೋನಿಗೊಂದು, ಯೂನಿಟ್ಟಿನ ಕಂಪ್ಯೂಟರಿಗೊಂದು, ಎರಡು ಕ್ರೋಮ್‌ಗಳಿಗೆ ಒಂದೊಂದು ಹೀಗೆ ನಾಲ್ಕು ಬೀಗ ಹಾಕಿದ ಪ್ರತಿಗಳಾಗಿ ಕಳಿಸುತ್ತದೆ. ನಿಮ್ಮ ಫೋನು ಸ್ವಿಚ್ ಆಫ್ ಆಗಿದ್ದರೂ ಉಳಿದವರಿಗೆ ಅವರವರ ಪ್ರತಿ ತಲುಪುತ್ತದೆ. Log out ಒತ್ತಿದಾಗ ನಿಮ್ಮ ಖಾತೆಯ ಸಾಧನಗಳ ಪಟ್ಟಿಯಿಂದ ಆ ಒಂದು ಯಂತ್ರದ ಹೆಸರು ಹೊಡೆದುಹೋಗುತ್ತದೆ. ಅಲ್ಲಿಂದ ಮುಂದೆ ಯಾರೂ ಆ ಯಂತ್ರಕ್ಕೆ ಪ್ರತಿ ಮಾಡುವುದಿಲ್ಲ. ನೀವು ನಂಬರ್ ಬದಲಿಸಬೇಕಿಲ್ಲ, ಪಾರ್ಟಿಗಳೂ ತಮ್ಮ ಫೋನಿನಲ್ಲಿ ಏನೂ ಮಾಡಬೇಕಿಲ್ಲ.

ಆ ಕಂಪ್ಯೂಟರಿನ ಕಡೆ ಏನಾಗುತ್ತದೆ? ಅದು ಆಗ ಇಂಟರ್ನೆಟ್‌ನಲ್ಲಿದ್ದರೆ ನಿಮ್ಮ ಚಾಟ್‌ಗಳು ಮಾಯವಾಗಿ ಕ್ಯೂಆರ್ ಪರದೆ ಬರುತ್ತದೆ, ವಾಟ್ಸಾಪ್ ತಾನು ಅಲ್ಲಿ ಕೂಡಿಟ್ಟುಕೊಂಡ ಚಾಟ್‌ಗಳನ್ನು ಅಳಿಸುತ್ತದೆ. ಎದುರು ಯಾರಾದರೂ ಕೂತಿದ್ದರೆ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಕಂಪ್ಯೂಟರ್ ಆಫ್ ಆಗಿದ್ದರೆ ಅಥವಾ ನೆಟ್ ಇಲ್ಲದಿದ್ದರೆ, ಮತ್ತೆ ನೆಟ್‌ಗೆ ಬಂದಾಗಲೇ ಅದಕ್ಕೆ ಈ ಸುದ್ದಿ ಮುಟ್ಟುವುದು. ಅಲ್ಲಿಯವರೆಗೆ ಹೊಸದು ಬರದಿದ್ದರೂ ಆಗಲೇ ಇಳಿದಿರುವ ಹಳೆಯದು ಅದರ ಡಿಸ್ಕ್‌ನಲ್ಲೇ ಇರುತ್ತದೆ.

ಅಲ್ಲಿ ಎಷ್ಟು ಹಳೆಯದು ಇರಬಹುದು ಎಂಬುದೂ ಮುಖ್ಯ. ಲಿಂಕ್ ಆದ ದಿನದ ನಂತರ ಬಂದದ್ದು ಮಾತ್ರ ಹೋಗಿರುತ್ತದೆ ಎಂದು ಅನೇಕರು ಎಣಿಸುತ್ತಾರೆ. ಲಿಂಕ್ ಆಗುವಾಗಲೇ ಫೋನು ಇತ್ತೀಚಿನ ಚಾಟ್‌ಗಳ ಒಂದು ಗಂಟನ್ನು ಆ ಯಂತ್ರಕ್ಕೆ ಕೊಟ್ಟುಬಿಡುತ್ತದೆ. ಆದ್ದರಿಂದ ಐದೇ ನಿಮಿಷ ಲಿಂಕ್ ಇದ್ದರೂ ಅದಕ್ಕೂ ಹಿಂದಿನ ಆಧಾರ್ ಪ್ರತಿ, ಚೆಕ್ಕಿನ ಫೋಟೊ ಕಂಡಿರಬಹುದು. ಅವುಗಳನ್ನು ಯಾರಾದರೂ ಡೌನ್‌ಲೋಡ್ ಮಾಡಿದ್ದರೆ ಆ ಫೈಲು ವಾಟ್ಸಾಪ್‌ನ ಹಿಡಿತ ಮೀರಿ ಹೋಗಿದೆ. Downloads ಫೋಲ್ಡರಿನಲ್ಲಿರುವುದನ್ನು ಯಾವ ಲಾಗ್‌ಔಟೂ ಮುಟ್ಟುವುದಿಲ್ಲ.

ಲಾಗ್‌ಔಟ್ ಆದ ಮೇಲೆ ನಿಮ್ಮಂಥ ವ್ಯಾಪಾರಸ್ಥರು ನೋಡಲೇಬೇಕಾದದ್ದು, ಆ ಯಂತ್ರದಿಂದ ನಿಮ್ಮ ಹೆಸರಿನಲ್ಲಿ ಏನಾದರೂ ಹೋಗಿದೆಯೇ ಎಂಬುದನ್ನು. ನಿಮ್ಮ ಚಾಟ್‌ನಲ್ಲಿ ಕಾಣದಿದ್ದರೆ ಹೋಗಿಲ್ಲ ಎಂದು ನಿಶ್ಚಿಂತರಾಗಬೇಡಿ. ಲಿಂಕ್ ಆದ ಕಂಪ್ಯೂಟರಿನಲ್ಲಿ ಒಂದು ಮೆಸೇಜ್ ಕಳಿಸಿ, ಅದನ್ನು ಅಲ್ಲೇ ‘ನನಗೆ ಮಾತ್ರ’ ಅಳಿಸಿದರೆ, ಅದು ನಿಮ್ಮ ಫೋನಿನಿಂದಲೂ ಅಳಿಯುತ್ತದೆ. ಪಡೆದವರ ಫೋನಿನಲ್ಲಿ ಮಾತ್ರ ಉಳಿಯುತ್ತದೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ನಂಬರಿಗೆ ಹಾಕಿ’ ಎನ್ನುವ ಮೆಸೇಜ್ ಹೋಗಿ ಮರೆಯಾಗುವುದು ಹೀಗೆ. ಆದ್ದರಿಂದ ದುಡ್ಡು ಬಾಕಿ ಇರುವ ಪಾರ್ಟಿಗಳಿಗೆ ವಾಟ್ಸಾಪ್ ಬಿಟ್ಟು ಮಾಮೂಲಿ ಫೋನ್ ಕಾಲ್ ಮಾಡಿ, ‘ಖಾತೆ ನಂಬರ್ ಬಗ್ಗೆ ನಮ್ಮ ಕಡೆಯಿಂದ ಏನಾದರೂ ಬಂದಿದೆಯಾ, ನಿಮ್ಮ ಫೋನಿನಲ್ಲಿ ನೋಡಿ ಹೇಳಿ’ ಎಂದು ಕೇಳಿ. ಬಂದಿದ್ದರೆ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ನಿಮ್ಮ ಫೋನಿನಲ್ಲಿ Archived ಒಳಗೂ ಇಣುಕಿ. ಉತ್ತರ ಬಂದದ್ದು ಕಾಣದಿರಲಿ ಎಂದು ಚಾಟನ್ನು ಅಲ್ಲಿಗೆ ತಳ್ಳಿರಬಹುದು.

ದುಡ್ಡು ಹೋಗಿದೆ ಎಂದು ತಿಳಿದರೆ ಹಣ ಕಳೆದುಕೊಂಡವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುವುದು ಆ ಮೊದಲ ಗಂಟೆಗಳಲ್ಲಿ. ದೂರನ್ನು cybercrime.gov.in ನಲ್ಲಿ ದಾಖಲಿಸಬಹುದು, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಬಳ್ಳಾರಿಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಮೊದಲು ತೆಗೆದಿಟ್ಟ ಸ್ಕ್ರೀನ್‌ಶಾಟ್ ಆಗ ಬೇಕಾಗುತ್ತದೆ.

ಲಾಗ್‌ಔಟಿನ ಬದಲಿಗೆ ಜನ ಮಾಡುವ ಬೇರೆ ಕೆಲವು ಕೆಲಸಗಳಿವೆ, ಅವು ಈ ಸಮಸ್ಯೆಗೆ ಔಷಧಿಯಲ್ಲ. ವಾಟ್ಸಾಪ್‌ನ ಟೂ-ಸ್ಟೆಪ್ ವೆರಿಫಿಕೇಶನ್ ಎಂಬ ಆರು ಅಂಕಿಯ ಪಿನ್ ಹಾಕಿಕೊಳ್ಳುವುದು ಒಳ್ಳೆಯದೇ, ಹಾಕಿಕೊಳ್ಳಿ. ಆದರೆ ಅದು ಕೇಳುವುದು ನಿಮ್ಮ ನಂಬರನ್ನು ಬೇರೆ ಫೋನಿನಲ್ಲಿ ಹೊಸದಾಗಿ ರಿಜಿಸ್ಟರ್ ಮಾಡುವಾಗ. ಕಂಪ್ಯೂಟರ್ ಲಿಂಕ್ ಮಾಡುವಾಗ ಆ ಪಿನ್ ಬೇಕಾಗುವುದಿಲ್ಲ, ಅದನ್ನು ಬದಲಿಸಿದರೂ ಲಿಂಕ್ ಆಗಿರುವ ಯಂತ್ರ ಹಾಗೆಯೇ ಇರುತ್ತದೆ. ಸಿಮ್ ತೆಗೆದು ಹಾಕಿದರೂ ಅಷ್ಟೇ.

14 ದಿನದಲ್ಲಿ ತಾನೇ ಹೋಗುತ್ತದೆ ಎಂಬ ಮಾತು ಕೇಳಿರುತ್ತೀರಿ. ಆ ಲೆಕ್ಕ ನಿಮ್ಮ ಫೋನಿನದು: ಫೋನಿನಲ್ಲಿ ನೀವು 14 ದಿನಕ್ಕೂ ಹೆಚ್ಚು ವಾಟ್ಸಾಪ್ ಬಳಸದಿದ್ದರೆ ಲಿಂಕ್‌ಗಳು ಕಡಿಯುತ್ತವೆ. ದಿನಾ ನೂರು ಮೆಸೇಜ್ ನೋಡುವ ನಿಮ್ಮ ಫೋನಿನಲ್ಲಿ ಅದು ಆಗುವ ಮಾತೇ ಅಲ್ಲ. ವೆಬ್ ಲಾಗಿನ್‌ಗಳು ಆರು ಗಂಟೆಗೊಮ್ಮೆಯಾದರೂ ಮುಗಿಯಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಅದನ್ನು ನೆಚ್ಚಿಕೊಂಡು ಕೂರದೆ ಪಟ್ಟಿಯನ್ನೇ ನೋಡಿ. ಸಾಲು ಇದ್ದರೆ ಲಿಂಕ್ ಇದೆ ಎಂದೇ ಲೆಕ್ಕ.

ಪಟ್ಟಿ ಖಾಲಿ ಮಾಡಿದ ಮೇಲೂ ಯಾರಿಗೋ ನಿಮ್ಮ ಮಾತು ಗೊತ್ತಾಗುತ್ತಿದೆ ಎನಿಸಿದರೆ ಸೋರಿಕೆ ಫೋನಿನಲ್ಲೇ ಇರಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಆಕ್ಸೆಸ್ ಎಂದು ಹುಡುಕಿ, ನೀವು ಹಾಕಿಕೊಳ್ಳದ ಆಪ್‌ಗೆ ಫೋನಿಗೆ ಬರುವ ಸೂಚನೆಗಳನ್ನು ಓದುವ ಅನುಮತಿ ಇದೆಯೇ ನೋಡಿ. ಅಂಥ ಆಪ್ Linked devices ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳುವುದಿಲ್ಲ.

ಝೆರಾಕ್ಸ್ ಅಂಗಡಿಗೆ ಮತ್ತೆ ಹೋಗಲೇಬೇಕಲ್ಲ. ಒಂದು ಬಿಲ್ಲಿನ ಪ್ರಿಂಟ್‌ಗೆ ಇಡೀ ವಾಟ್ಸಾಪ್ ತೆರೆಯುವುದಕ್ಕಿಂತ ಪೆನ್‌ಡ್ರೈವ್ ಒಯ್ಯುವುದು ಅಥವಾ ಆ ಒಂದು ಪಿಡಿಎಫ್ ಅನ್ನು ಅಂಗಡಿಯ ಮೇಲ್‌ಗೆ ಕಳಿಸುವುದು ಎಷ್ಟೋ ಮೇಲು. ಆಗ ಅವರ ಹತ್ತಿರ ಉಳಿಯುವುದು ಒಂದೇ ಫೈಲು. ಲಿಂಕ್ ಮಾಡಲೇಬೇಕಾಗಿ ಬಂದರೆ ಕ್ರೋಮ್‌ನಲ್ಲಿ Ctrl+Shift+N ಒತ್ತಿ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಪ್ರಿಂಟ್ ಬಂದ ಮೇಲೆ ಅಲ್ಲೇ ನಿಂತು, ಆ ಕಂಪ್ಯೂಟರಿನ ಕೈ ಕಾಯದೆ ನಿಮ್ಮ ಫೋನಿನಿಂದಲೇ ಆ ಸಾಲನ್ನು Log out ಮಾಡಿ, ಪರದೆಯ ಮೇಲೆ ಕ್ಯೂಆರ್ ಬಂದದ್ದನ್ನು ಕಣ್ಣಾರೆ ನೋಡಿ. ಇನ್‌ಕಾಗ್ನಿಟೊದಲ್ಲಿ ಇಳಿಸಿದ ಫೈಲೂ ಡಿಸ್ಕ್‌ನಲ್ಲೇ ಉಳಿಯುತ್ತದೆ. ಕಿಟಕಿ ಮುಚ್ಚುವ ಮೊದಲು Ctrl+J ಒತ್ತಿದರೆ ಅದು ಎಲ್ಲಿ ಕೂತಿದೆ ಎಂದು ತೋರಿಸುತ್ತದೆ. ಆ ಫೋಲ್ಡರ್ ತೆರೆಸಿ, ನಿಮ್ಮ ಬಿಲ್ಲಿನ ಮೇಲೆ Shift+Delete ಒತ್ತಲು ಅಂಗಡಿಯವರಿಗೆ ಹೇಳಿ. ಬರೀ Delete ಒತ್ತಿದರೆ ಅದು ರೀಸೈಕಲ್ ಬಿನ್‌ಗೆ ಹೋಗಿ ಕೂರುತ್ತದೆ.